ಬಲ್ಬಿನ ತಂತಿಯೂ ಆರ್ದ್ರಾ ನಕ್ಷತ್ರವೂ

ವೋಲ್ಟೇಜ್ ಇಳಿದಾಗ ಹಳೆಯ ತಂತಿಬಲ್ಬು ಮಂಕಾಗುವುದಷ್ಟೇ ಅಲ್ಲ, ಕೆಂಪಾಗಿಯೂ ಕಾಣುತ್ತದೆ. ಈ ಎರಡು ಬದಲಾವಣೆಗಳ ಹಿಂದೆ ಎರಡು ನಿಯಮಗಳಿವೆ. ನಕ್ಷತ್ರದ ಗಾತ್ರವನ್ನು ಅಂದಾಜು ಮಾಡಲು ನೆರವಾಗುವುದೂ ಅವೇ.

ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುವ ವಸ್ತುವನ್ನು ಭೌತಶಾಸ್ತ್ರದಲ್ಲಿ ಕೃಷ್ಣಕಾಯ ಎನ್ನುತ್ತಾರೆ. ಕಾದಾಗ ಅದು ಎಲ್ಲ ಅಲೆಯುದ್ದಗಳಲ್ಲೂ ಬೆಳಕು ಚೆಲ್ಲುತ್ತದೆ. ಯಾವ ಅಲೆಯುದ್ದದಲ್ಲಿ ಎಷ್ಟು ಎಂಬುದು ಅದರ ಉಷ್ಣತೆಯೊಂದನ್ನೇ ಅವಲಂಬಿಸಿದೆ, ಅದು ಯಾವ ಪದಾರ್ಥದ್ದು ಎಂಬುದನ್ನಲ್ಲ. ನಕ್ಷತ್ರಗಳು ಸರಿಸುಮಾರು ಹೀಗೆಯೇ ವರ್ತಿಸುತ್ತವೆ. ಟಂಗ್‌ಸ್ಟನ್ ತಂತಿ ಹೊಮ್ಮಿಸುವುದು ಕೃಷ್ಣಕಾಯಕ್ಕಿಂತ ಕಡಿಮೆ, ಆದರೂ ಹೋಲಿಕೆಗೆ ಸಾಕು.

ಬೆಳಕಿನ ತೀವ್ರತೆ ಯಾವ ಅಲೆಯುದ್ದದಲ್ಲಿ ಶಿಖರ ಮುಟ್ಟುತ್ತದೆ ಎಂಬುದನ್ನು 1893ರಲ್ಲಿ ವಿಲ್ಹೆಲ್ಮ್ ವೀನ್ ತೋರಿಸಿದ ನಿಯಮ ಹೇಳುತ್ತದೆ. 29 ಲಕ್ಷವನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಅದು ನ್ಯಾನೊಮೀಟರುಗಳಲ್ಲಿ ಸಿಗುತ್ತದೆ. 2,800 ಕೆಲ್ವಿನ್‌ಗೆ ಕಾದ ತಂತಿಯ ಶಿಖರ ಸುಮಾರು 1,035 ನ್ಯಾನೊಮೀಟರ್. ನಮ್ಮ ಕಣ್ಣು ಕಾಣುವುದು ಹೆಚ್ಚುಕಡಿಮೆ 400ರಿಂದ 700ರವರೆಗೆ ಮಾತ್ರ. ಹಾಗಾಗಿ ಈ ಬಲ್ಬು ಉಣ್ಣುವ ವಿದ್ಯುತ್ತಿನ ಬಹುಪಾಲು ಕಾಣದ ಅವಕೆಂಪು ಕಿರಣವಾಗಿ, ಶಾಖವಾಗಿ ಹೋಗುತ್ತದೆ. ಇನ್ನಷ್ಟು ಕಾಯಿಸೋಣವೆಂದರೆ ಟಂಗ್‌ಸ್ಟನ್ ಸುಮಾರು 3,700 ಕೆಲ್ವಿನ್‌ನಲ್ಲಿ ಕರಗುತ್ತದೆ.

ಒಟ್ಟು ಎಷ್ಟು ಶಕ್ತಿ ಹೊಮ್ಮುತ್ತದೆ ಎಂಬುದನ್ನು 1879ರಲ್ಲಿ ಯೋಸೆಫ್ ಸ್ಟೆಫಾನ್ ಕಂಡುಕೊಂಡರು. ಮೇಲ್ಮೈಯ ಪ್ರತಿ ಚದರ ಮೀಟರಿನಿಂದ ಹೊರಬೀಳುವ ಶಕ್ತಿ ಉಷ್ಣತೆಯ ನಾಲ್ಕನೇ ಘಾತದಂತೆ ಏರುತ್ತದೆ. ತಂತಿ 2,800ರಿಂದ 2,400 ಕೆಲ್ವಿನ್‌ಗೆ ಇಳಿದರೆ ಸಾಕು, ಆ ಶಕ್ತಿ ಅರ್ಧದಷ್ಟಾಗುತ್ತದೆ. ಶಿಖರವೂ ಇನ್ನಷ್ಟು ಅವಕೆಂಪಿನತ್ತ ಸರಿಯುವುದರಿಂದ ಕಣ್ಣಿಗೆ ಸಿಗುವ ಬೆಳಕು ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ.

ಈಗ ಮಹಾವ್ಯಾಧ ನಕ್ಷತ್ರಪುಂಜದ ಕೆಂಪು ಆರ್ದ್ರೆಯನ್ನು ನೋಡೋಣ. ಅದರ ಮೇಲ್ಮೈ ಸುಮಾರು 3,500 ಕೆಲ್ವಿನ್, ಸೂರ್ಯನದು ಸುಮಾರು 5,800. ಸ್ಟೆಫಾನ್ ನಿಯಮದ ಪ್ರಕಾರ ಆರ್ದ್ರೆಯ ಒಂದು ಚದರ ಮೀಟರ್ ಸೂರ್ಯನ ಒಂದು ಚದರ ಮೀಟರಿನ ಏಳನೇ ಒಂದು ಭಾಗಕ್ಕಿಂತ ತುಸು ಕಡಿಮೆ ಶಕ್ತಿ ಸೂಸುತ್ತದೆ. ಆದರೆ ಇಡೀ ನಕ್ಷತ್ರ ಸೂಸುವುದು ಸೂರ್ಯನ ಸುಮಾರು ಒಂದು ಲಕ್ಷ ಪಟ್ಟು. ಅಂದಮೇಲೆ ಅದರ ಮೇಲ್ಮೈ ಸೂರ್ಯನದಕ್ಕಿಂತ ಏಳು ಲಕ್ಷ ಪಟ್ಟಾದರೂ ಹರಡಿರಬೇಕು. ವರ್ಗಮೂಲ ತೆಗೆದರೆ ತ್ರಿಜ್ಯ 800 ಪಟ್ಟಿಗೂ ಮಿಕ್ಕುತ್ತದೆ. ಸೂರ್ಯನ ಜಾಗದಲ್ಲಿ ಆರ್ದ್ರೆಯನ್ನಿಟ್ಟರೆ ಮಂಗಳನ ಕಕ್ಷೆಯೂ ಅದರೊಳಗೆ ಮುಳುಗುತ್ತದೆ. ಅದರ ದೂರದ ಅಳತೆ ಅಷ್ಟು ನಿಖರವಲ್ಲದ್ದರಿಂದ ಈ ಲೆಕ್ಕ ಒಂದಿಷ್ಟು ಆಚೀಚೆ ಆಗಬಹುದು.

ಬಣ್ಣವೊಂದನ್ನೇ ನಂಬಿದರೆ ಮೋಸಹೋಗುವ ಸಂಭವವೂ ಇದೆ. ದಾರಿಯಲ್ಲಿರುವ ಧೂಳು ನೀಲಿ ಬೆಳಕನ್ನು ಹೆಚ್ಚು ತಡೆದು ನಕ್ಷತ್ರವನ್ನು ಇರುವುದಕ್ಕಿಂತ ಕೆಂಪಾಗಿ, ಅಂದರೆ ತಂಪಾಗಿ ತೋರಿಸುತ್ತದೆ. ಅದಕ್ಕೇ ಖಗೋಳಜ್ಞರು ವರ್ಣಪಟಲದಲ್ಲಿ ಟೈಟಾನಿಯಂ ಆಕ್ಸೈಡ್ ಅಣುಗಳ ಗುರುತನ್ನೂ ಹುಡುಕುತ್ತಾರೆ. ತಂಪು ವಾತಾವರಣದಲ್ಲಷ್ಟೇ ಉಳಿಯುವ ಈ ಅಣುಗಳ ಗುರುತು ಗಾಢವಾದಷ್ಟೂ ನಕ್ಷತ್ರ ತಂಪು. 2020ರ ಆರಂಭದಲ್ಲಿ ಆರ್ದ್ರೆ ಎದ್ದುಕಾಣುವಷ್ಟು ಮಂಕಾದಾಗ ಈ ಪರೀಕ್ಷೆ ಉಷ್ಣತೆ ಹೆಚ್ಚೇನೂ ಇಳಿದಿಲ್ಲವೆಂದು ಸೂಚಿಸಿತು. ಮೇಲ್ಮೈಯ ಒಂದು ಭಾಗ ತಣಿದು, ಅದರ ಮುಂದೆ ನಕ್ಷತ್ರವೇ ಉಗುಳಿದ ಅನಿಲದಿಂದ ಧೂಳು ಕಟ್ಟಿಕೊಂಡದ್ದೇ ಕಾರಣವೆಂದು ಮರುವರ್ಷ ಪ್ರಕಟವಾದ ದೂರದರ್ಶಕ ಚಿತ್ರಗಳ ಅಧ್ಯಯನ ವಿವರಿಸಿತು.