ಬೋಗಿಯಿಂದ ಇಳಿಯುವ ಮುನ್ನ ಕೇಳಬೇಕಾದ ಚೀಟಿ

ಬೆಂಗಳೂರಿನಿಂದ ಬೆಳಗಾವಿಗೆ ಹೊರಟ ರಾತ್ರಿ ರೈಲು. ಮೂರನೇ ದರ್ಜೆಯ ಎಸಿ ಬೋಗಿಯಲ್ಲಿ ಗಂಡ-ಹೆಂಡತಿ ಇಬ್ಬರು ಊಟ ಮುಗಿಸಿ, ರೈಲ್ವೆಯವರು ಕೊಟ್ಟ ಬಿಳಿ ಚಾದರ ಹಾಸಿಕೊಂಡು ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ಅರಸೀಕೆರೆ ಬರುವ ಹೊತ್ತಿಗೆ ಮೇಲಿನ ಕಿಂಡಿಯಿಂದ ಬರುತ್ತಿದ್ದ ತಂಪು ನಿಂತುಹೋಗುತ್ತದೆ. ಮೊದಲು ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಮಗುವೊಂದು ಅಳಲು ಶುರುಮಾಡುತ್ತದೆ, ಮೇಲಿನ ಬರ್ತಿನವರು ಎದ್ದು ಕುಳಿತು ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಾರೆ. ಸ್ಲೀಪರ್ ಬೋಗಿಯಾಗಿದ್ದರೆ ಕಿಟಕಿ ಎತ್ತಿ ಉಸಿರಾಡಬಹುದಿತ್ತು. ಇಲ್ಲಿ ಗಾಜು ತೆರೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕ್ ಬಂದು ಸರಿಪಡಿಸುವವರೆಗೆ ಇಡೀ ಬೋಗಿ ಬೆವರಿನಲ್ಲಿ ತೊಯ್ದಿರುತ್ತದೆ.

ಬೆಳಿಗ್ಗೆ ಬೆಳಗಾವಿಯಲ್ಲಿ ಇಳಿಯುವಾಗ ಎಲ್ಲರೂ ಬೈದುಕೊಂಡೇ ಇಳಿಯುತ್ತಾರೆ. ಕೆಲವರು ರಾತ್ರಿಯೇ 139ಕ್ಕೆ ಫೋನ್ ಮಾಡಿರುತ್ತಾರೆ. ಆದರೆ ಹಣ ವಾಪಸ್ ಬರುವುದು ಒಂದು ಸಣ್ಣ ಕಾಗದ ಕೈಯಲ್ಲಿ ಹಿಡಿದು ಇಳಿದವರಿಗೆ ಮಾತ್ರ. ಆ ಕಾಗದ ಟಿಟಿಇ ಬರೆದುಕೊಡುವ ಪ್ರಮಾಣಪತ್ರ. ಎಸಿ ಎಲ್ಲಿಂದ ಎಲ್ಲಿಯವರೆಗೆ ಕೆಲಸ ಮಾಡಲಿಲ್ಲ ಎಂಬುದನ್ನು ರೈಲ್ವೆಯ ನೌಕರರೇ ಒಪ್ಪಿ ಸಹಿ ಹಾಕಿದ ಚೀಟಿ ಅದು. ರೈಲ್ವೆಯ ಜಾಲತಾಣದಲ್ಲಿ ಅದನ್ನು ಜಿಸಿ ಅಥವಾ ಇಎಫ್‌ಟಿ ಎಂದು ಕರೆಯುತ್ತಾರೆ. ಪ್ರಯಾಣಿಕರ ಟಿಕೆಟ್ ರದ್ದತಿ ಮತ್ತು ಹಣ ಮರುಪಾವತಿಗೆ 2015ರಲ್ಲಿ ಬಂದ ರೈಲ್ವೆ ನಿಯಮಗಳಲ್ಲಿ ಈ ಹಕ್ಕು ಸ್ಪಷ್ಟವಾಗಿದೆ. ಆದರೂ ಕೇಳಿ ಪಡೆಯುವವರು ಕಡಿಮೆ. ಬೋಗಿಯೊಳಗೆ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಎಷ್ಟು ಹಣ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ತಪ್ಪು ನಿರೀಕ್ಷೆ ಇಟ್ಟುಕೊಂಡವರು ಆಮೇಲೆ ಮೋಸವಾಯಿತು ಎಂದುಕೊಳ್ಳುತ್ತಾರೆ. ಇಡೀ ಟಿಕೆಟ್ ದುಡ್ಡು ಬರುವುದಿಲ್ಲ. ಎಸಿ ಕೆಟ್ಟಿದ್ದ ದೂರಕ್ಕೆ ಮಾತ್ರ, ಎಸಿ ದರಕ್ಕೂ ಎಸಿ ಇಲ್ಲದ ದರ್ಜೆಯ ದರಕ್ಕೂ ಇರುವ ವ್ಯತ್ಯಾಸ ಬರುತ್ತದೆ. ಎರಡನೇ ದರ್ಜೆ ಎಸಿಯಾಗಲಿ ಮೂರನೇ ದರ್ಜೆ ಎಸಿಯಾಗಲಿ, ಹೋಲಿಸುವುದು ಸ್ಲೀಪರ್ ದರದೊಂದಿಗೆ. ಎಸಿ ಚೇರ್ ಕಾರ್ ಆಗಿದ್ದರೆ ಎರಡನೇ ದರ್ಜೆಯ ಕೂರುವ ಸೀಟಿನ ದರದೊಂದಿಗೆ. ಮೊದಲ ದರ್ಜೆ ಎಸಿಯವರಿಗೆ ಎಸಿ ಇಲ್ಲದ ಮೊದಲ ದರ್ಜೆಯ ದರದೊಂದಿಗೆ.

ನಮ್ಮ ದಂಪತಿಯ ಲೆಕ್ಕ ಹಾಕೋಣ. ಅರಸೀಕೆರೆಯಿಂದ ಹುಬ್ಬಳ್ಳಿಗೆ ಸುಮಾರು 300 ಕಿಲೋಮೀಟರ್. ರೈಲ್ವೆ ದರಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಲೆಕ್ಕಕ್ಕೆಂದು ಒಂದು ಊಹೆ: ಅಷ್ಟು ದೂರಕ್ಕೆ ಮೂರನೇ ದರ್ಜೆ ಎಸಿಯ ದರ 560 ರೂಪಾಯಿ, ಸ್ಲೀಪರ್ ದರ 210 ರೂಪಾಯಿ ಎಂದುಕೊಳ್ಳಿ. ಒಬ್ಬರಿಗೆ 350, ಇಬ್ಬರಿಗೆ 700 ರೂಪಾಯಿ ವಾಪಸ್. ಬೆಂಗಳೂರಿನಿಂದ ಅರಸೀಕೆರೆಯವರೆಗೆ, ಹುಬ್ಬಳ್ಳಿಯಿಂದ ಬೆಳಗಾವಿಯವರೆಗೆ ಎಸಿ ಓಡಿದ್ದಕ್ಕೆ ಏನೂ ಇಲ್ಲ. ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಐಆರ್‌ಸಿಟಿಸಿ ಹಿಡಿದುಕೊಂಡ ಸೇವಾ ಶುಲ್ಕವೂ ಬರುವುದಿಲ್ಲ. ಈ ಲೆಕ್ಕದಲ್ಲಿ ನನಗೊಂದು ತಕರಾರಿದೆ. ಸ್ಲೀಪರ್‌ನಲ್ಲಿ ತೆರೆಯುವ ಕಿಟಕಿ ಇದೆ, ಗಾಳಿ ಇದೆ. ಎಸಿ ಕೆಟ್ಟ ಬೋಗಿ ಸ್ಲೀಪರ್‌ಗಿಂತ ಕೆಟ್ಟದ್ದು. ಅದಕ್ಕೆ ಸ್ಲೀಪರ್ ದರ ಕಟ್ಟಿಸಿಕೊಳ್ಳುವುದು ನ್ಯಾಯವೆನಿಸುವುದಿಲ್ಲ. ಆದರೆ ನಿಯಮ ಇರುವುದು ಹೀಗೆ.

ಇಲ್ಲಿ ಎಸಿ ಏಕೆ ಕೆಡುತ್ತದೆ ಎಂಬುದೂ ತಿಳಿದಿರಬೇಕು, ಅದು ಚೀಟಿಯ ಬರಹಕ್ಕೇ ಸಂಬಂಧಿಸಿದ್ದು. ಈಗಿನ ಎಲ್‌ಎಚ್‌ಬಿ ಬೋಗಿಗಳಲ್ಲಿ ಚಾವಣಿಯ ಎರಡು ತುದಿಗಳಲ್ಲಿ ಎರಡು ಎಸಿ ಘಟಕಗಳಿರುತ್ತವೆ. ಅವುಗಳಿಗೆ ವಿದ್ಯುತ್ ಬರುವುದು ಎಂಜಿನ್‌ನಿಂದ ಅಥವಾ ಜನರೇಟರ್ ಇರುವ ಪವರ್ ಕಾರಿನಿಂದ. ಹಳೆಯ ಐಸಿಎಫ್ ಬೋಗಿಗಳಲ್ಲಿ ಚಕ್ರದ ಅಚ್ಚಿನಿಂದ ತಿರುಗುವ ಆಲ್ಟರ್ನೇಟರ್ ವಿದ್ಯುತ್ ಕೊಡುತ್ತದೆ, ಬ್ಯಾಟರಿ ಅದನ್ನು ತುಂಬಿಟ್ಟುಕೊಳ್ಳುತ್ತದೆ. ಬ್ಯಾಟರಿ ಸೊರಗಿದ್ದರೆ ರೈಲು ಹೊತ್ತುಗಟ್ಟಲೆ ನಿಂತಾಗ ತಂಪು ಕುಂದುತ್ತದೆ. ಎರಡು ಘಟಕಗಳ ಪೈಕಿ ಒಂದೇ ಕೆಟ್ಟರೆ ಬೋಗಿಯ ಒಂದು ತುದಿ ಕಾದು ಇನ್ನೊಂದು ತುದಿ ತಕ್ಕಮಟ್ಟಿಗೆ ತಂಪಾಗಿರುತ್ತದೆ. ಜಗಳ ಬರುವುದು ಇಲ್ಲೇ. ನಿಯಮ ಹೇಳುವುದು ಎಸಿ ‘ಕೆಲಸ ಮಾಡದೆ ಇದ್ದರೆ’ ಎಂದು. ‘ತಂಪು ಕಡಿಮೆ’ ಎಂದು ಮಾತ್ರ ಬರೆಸಿಕೊಂಡ ಚೀಟಿ ತಿರಸ್ಕಾರಕ್ಕೆ ದಾರಿ ಮಾಡಿಕೊಡುತ್ತದೆ. ಒಂದು ಘಟಕ ನಿಂತಿದೆ ಎಂದು ಮೆಕ್ಯಾನಿಕ್ ಹೇಳಿದರೆ, ಆ ಮಾತನ್ನೇ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬೋಗಿಯಲ್ಲಿ ಉಷ್ಣಾಂಶ ತೋರಿಸುವ ಪರದೆ ಇದ್ದರೆ ಅದರ ಫೋಟೋ ಸಮಯದ ಸಮೇತ ತೆಗೆದಿಟ್ಟುಕೊಳ್ಳಿ.

ತಂಪು ನಿಂತ ಕೂಡಲೇ ಮಾಡುವ ಮೊದಲ ಕೆಲಸ ಬೋಗಿಯ ಅಟೆಂಡೆಂಟ್‌ಗೆ ಹೇಳುವುದು, ಜೊತೆಗೆ 139ಕ್ಕೆ ಫೋನ್ ಮಾಡುವುದು ಅಥವಾ RailMadad ಆ್ಯಪ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡುವುದು. ಇದರಿಂದ ಮುಂದಿನ ದೊಡ್ಡ ನಿಲ್ದಾಣದಲ್ಲಿ ಮೆಕ್ಯಾನಿಕ್ ಕಾದಿರುವ ಸಾಧ್ಯತೆ ಹೆಚ್ಚುತ್ತದೆ, ತೊಂದರೆ ಎಷ್ಟು ಗಂಟೆಗೆ ಶುರುವಾಯಿತು ಎಂಬುದಕ್ಕೆ ದೂರಿನ ಸಂಖ್ಯೆಯೊಂದು ಸಾಕ್ಷಿಯಾಗಿ ಉಳಿಯುತ್ತದೆ. ಆದರೆ ಈ ದೂರು ಹಣಕ್ಕಾಗಿ ಕೊಟ್ಟ ಅರ್ಜಿಯಲ್ಲ. ದೂರು ಕೊಟ್ಟೆ, ‘ಪರಿಹರಿಸಲಾಗಿದೆ’ ಎಂದು ಮೆಸೇಜ್ ಬಂತು, ಹಣವೂ ಬರುತ್ತದೆ ಎಂದು ಕಾದು ಕೂತವರಿಗೆ ಏನೂ ಸಿಗದು.

ಎರಡನೆಯ ಕೆಲಸ ಟಿಟಿಇ ಅವರನ್ನು ಹುಡುಕುವುದು. ರಾತ್ರಿ ರೈಲಿನಲ್ಲಿ ಟಿಟಿಇಗಳು ದಾರಿಯಲ್ಲಿ ಬದಲಾಗುತ್ತಾರೆ. ರಾತ್ರಿ ನೋಡಿದವರು ಬೆಳಿಗ್ಗೆ ಇರುವುದಿಲ್ಲ. ಹಾಗಾಗಿ ‘ಇಳಿಯುವಾಗ ಕೇಳಿದರಾಯಿತು’ ಎಂದು ಬಿಡಬೇಡಿ. “ಸರ್, ಅರಸೀಕೆರೆಯಿಂದ ಎಸಿ ನಡೆಯುತ್ತಿಲ್ಲ, ರಿಫಂಡ್‌ಗೆ ಸರ್ಟಿಫಿಕೇಟ್ ಬರೆದುಕೊಡಿ” ಎಂದು ನೇರವಾಗಿ ಕೇಳಿ. ಬರೆದುಕೊಡುವುದು ಅವರ ಕೆಲಸ, ಉಪಕಾರವಲ್ಲ. ಟಿಟಿಇ ಸಿಗದಿದ್ದರೆ ಗಾರ್ಡ್ ಕೂಡ ಕೊಡಬಹುದು, 2022ರಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್. ಚೀಟಿಯಲ್ಲಿ ಪಿಎನ್‌ಆರ್, ರೈಲಿನ ಸಂಖ್ಯೆ, ದಿನಾಂಕ, ಬೋಗಿ ಮತ್ತು ಬರ್ತ್, ಎಷ್ಟು ಜನ, ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಎಂಬುದು ಇದೆಯೇ ಎಂದು ಅಲ್ಲೇ ಓದಿ ನೋಡಿ. ನಿಲ್ದಾಣಗಳ ಹೆಸರಿಲ್ಲದೆ ಬರೀ ‘ಎಸಿ ಕೆಟ್ಟಿತ್ತು’ ಎಂದಿದ್ದರೆ ಕಚೇರಿಯವರು ಯಾವ ದೂರಕ್ಕೆ ಲೆಕ್ಕ ಹಾಕಬೇಕು? ಸಹಿ ಆದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಮುಂದಿನದು ಗಡಿಯಾರದ ಮಾತು. ಎಸಿ ಕೆಟ್ಟ ಪ್ರಕರಣದಲ್ಲಿ ರೈಲು ನಿಮ್ಮ ಊರು ತಲುಪಿದ 20 ಗಂಟೆಯೊಳಗೆ ಹಕ್ಕು ಸಲ್ಲಿಸಬೇಕು. ಎಣಿಸುವುದು ವೇಳಾಪಟ್ಟಿಯ ಸಮಯದಿಂದಲ್ಲ, ರೈಲು ನಿಜವಾಗಿ ತಲುಪಿದ ಹೊತ್ತಿನಿಂದ. ನಮ್ಮ ದಂಪತಿ ಸೋಮವಾರ ಬೆಳಿಗ್ಗೆ 6.40ಕ್ಕೆ ಇಳಿದರೆ ಅವರ ಗಡುವು ಮಂಗಳವಾರ ನಸುಕಿನ 2.40. ಅಂದರೆ ಸೋಮವಾರ ರಾತ್ರಿ ಮಲಗುವ ಮುಂಚೆಯೇ ಮುಗಿಸಬೇಕು. ಇ-ಟಿಕೆಟ್ ಆದರೆ ಐಆರ್‌ಸಿಟಿಸಿ ಖಾತೆಗೆ ಹೋಗಿ, ಮಾಡಿದ ಬುಕಿಂಗ್‌ಗಳ ಪಟ್ಟಿಯಲ್ಲಿ File TDR ಎಂಬುದನ್ನು ಒತ್ತಿ, ಕಾರಣವಾಗಿ ಎಸಿ ವೈಫಲ್ಯವನ್ನು ಆರಿಸಬೇಕು. ಟಿಕೆಟ್ ಯಾರ ಖಾತೆಯಿಂದ ಬುಕ್ ಆಗಿತ್ತೋ ಆ ಖಾತೆಯಿಂದಲೇ ಇದಾಗಬೇಕು. ಅಳಿಯನ ಫೋನಿನಲ್ಲಿ ಮಾಡಿಸಿದ ಟಿಕೆಟ್ ಆಗಿದ್ದರೆ ಸ್ಟೇಷನ್‌ನಿಂದಲೇ ಅಳಿಯನಿಗೆ ಫೋನ್ ಮಾಡಿ. ಏಜೆಂಟರ ಮೂಲಕ ಮಾಡಿಸಿದ್ದರೆ ಏಜೆಂಟರಿಗೆ ಹೇಳಿ. ಹಣ ಬರುವುದೂ ಪಾವತಿಯಾದ ಖಾತೆಗೇ.

ಇಷ್ಟಾದರೂ ಬಹಳ ಅರ್ಜಿಗಳು ಕೊನೆಯ ಮೆಟ್ಟಿಲಲ್ಲಿ ಎಡವುತ್ತವೆ. ಆನ್‌ಲೈನ್‌ನಲ್ಲಿ ಗುಂಡಿ ಒತ್ತಿದ್ದಕ್ಕೆ ಕೆಲಸ ಮುಗಿಯಲಿಲ್ಲ. ಟಿಟಿಇ ಕೊಟ್ಟ ಮೂಲ ಚೀಟಿಯನ್ನು ಅಂಚೆಯಲ್ಲಿ ನವದೆಹಲಿಯ ಸ್ಟೇಟ್ ಎಂಟ್ರಿ ರಸ್ತೆಯಲ್ಲಿರುವ ಐಆರ್‌ಸಿಟಿಸಿಯ ಇಂಟರ್ನೆಟ್ ಟಿಕೆಟಿಂಗ್ ಕೇಂದ್ರಕ್ಕೆ ಕಳಿಸಬೇಕು. ಪೂರ್ಣ ವಿಳಾಸ ಐಆರ್‌ಸಿಟಿಸಿಯ ಮರುಪಾವತಿ ನಿಯಮಗಳ ಪುಟದಲ್ಲಿದೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ತೀರ್ಮಾನ ಮಾಡುವುದು ಐಆರ್‌ಸಿಟಿಸಿ ಅಲ್ಲ, ಸಂಬಂಧಪಟ್ಟ ರೈಲ್ವೆ ವಲಯ. ಬೆಳಗಾವಿಯಲ್ಲೇ ಕೊನೆಗೊಳ್ಳುವ ರೈಲಿಗೆ ಅದು ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿಯಿರುವ ನೈಋತ್ಯ ರೈಲ್ವೆ. ಕಡತ ಎರಡು ಕಚೇರಿ ದಾಟುವುದರಿಂದ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೌಂಟರಿನಲ್ಲಿ ತೆಗೆದ ಟಿಕೆಟ್ ಆದರೆ ಈ ಸುತ್ತಾಟ ಕಡಿಮೆ. ಇಳಿದ ನಿಲ್ದಾಣದಲ್ಲೇ ಟಿಕೆಟ್ ಮತ್ತು ಚೀಟಿ ಎರಡನ್ನೂ ಅದೇ 20 ಗಂಟೆಯೊಳಗೆ ಕೊಡಬೇಕು. ಅದಕ್ಕೇ ಕೌಂಟರ್ ಟಿಕೆಟ್ಟನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬಾರದು.

ಕೆಳದರ್ಜೆಗೆ ಕಳಿಸಿದಾಗಲೂ ದಾರಿ ಇದೇ, ಗಡುವು ಮಾತ್ರ ಬೇರೆ. ಎರಡನೇ ದರ್ಜೆ ಎಸಿ ಬೋಗಿ ಕೆಟ್ಟು, ಅದರ ಬದಲು ಮೂರನೇ ದರ್ಜೆ ಎಸಿ ಬೋಗಿ ಜೋಡಿಸಿದ್ದಾರೆ ಎನ್ನಿ. ಅಥವಾ ನಡುದಾರಿಯಲ್ಲಿ ನಿಮ್ಮ ಬೋಗಿಯನ್ನು ಕಳಚಿ ನಿಮ್ಮನ್ನು ಸ್ಲೀಪರ್‌ಗೆ ಕಳಿಸಿದರು. ನೀವು ಕೊಟ್ಟ ದರ್ಜೆಯ ದರಕ್ಕೂ ನಿಜವಾಗಿ ಪ್ರಯಾಣಿಸಿದ ದರ್ಜೆಯ ದರಕ್ಕೂ ಇರುವ ವ್ಯತ್ಯಾಸ ನಿಮ್ಮದು. ಹೊರಟಲ್ಲಿಂದಲೇ ಕೆಳದರ್ಜೆಯಾದರೆ ಇಡೀ ದೂರಕ್ಕೆ, ನಡುವೆ ಕಳಿಸಿದ್ದರೆ ಅಲ್ಲಿಂದ ಮುಂದಕ್ಕೆ. ಇಲ್ಲಿ ಗಡುವು ಚೀಟಿ ಕೊಟ್ಟ ದಿನವನ್ನು ಬಿಟ್ಟು ಎರಡು ದಿನ. ಭಾನುವಾರ ರಾತ್ರಿ 11.30ಕ್ಕೆ ಬರೆದುಕೊಟ್ಟರೆ ಸೋಮವಾರ ಮತ್ತು ಮಂಗಳವಾರ ನಿಮ್ಮವು. ಅದೇ ಚೀಟಿಯನ್ನು ನಡುರಾತ್ರಿ ದಾಟಿ 12.20ಕ್ಕೆ ಬರೆದರೆ ಬುಧವಾರದವರೆಗೆ ಅವಕಾಶ. ಆದ್ದರಿಂದ ಚೀಟಿಯ ಮೇಲಿನ ದಿನಾಂಕ ನೋಡಿಕೊಳ್ಳಿ.

ಒಂದೇ ಪಿಎನ್‌ಆರ್‌ನಲ್ಲಿ ನಾಲ್ವರಿದ್ದು, ಇಬ್ಬರನ್ನು ಮಾತ್ರ ಕೆಳದರ್ಜೆಗೆ ಕಳಿಸಿ ಉಳಿದಿಬ್ಬರಿಗೆ ಮೊದಲಿನ ದರ್ಜೆಯಲ್ಲೇ ಜಾಗ ಕೊಡುವುದೂ ಉಂಟು. ಆಗ ಯಾವ ಇಬ್ಬರು ಎಂದು ಹೆಸರು ಸಮೇತ, ಹೊಸ ಬೋಗಿ-ಬರ್ತ್ ಸಮೇತ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ನಾಲ್ವರೂ ಮೇಲ್ದರ್ಜೆಯಲ್ಲೇ ಬಂದಿದ್ದಾರೆ ಎಂದು ದಾಖಲೆ ಹೇಳುತ್ತದೆ.

ಟಿಟಿಇ ಬರೆದುಕೊಡಲೇ ಇಲ್ಲವೆಂದರೆ, ನಿರಾಕರಿಸಿದರೆಂಬ ಮಾತನ್ನೇ 139ರಲ್ಲಿ ಎರಡನೇ ದೂರಾಗಿ ದಾಖಲಿಸಿ, ಇಳಿದ ನಿಲ್ದಾಣದ ಸ್ಟೇಷನ್ ಮಾಸ್ಟರ್‌ಗೂ ಬರೆದುಕೊಟ್ಟು, ಗಡುವಿನೊಳಗೆ ಟಿಡಿಆರ್ ಹಾಕಿಬಿಡಿ. ಚೀಟಿಯಿಲ್ಲದ ಅರ್ಜಿ ಬಲಹೀನವೇ. ಆದರೆ ಗಡುವು ಮೀರಿದ ಅರ್ಜಿಗೆ ಬಲವೇ ಇಲ್ಲ. ವಲಯ ಕಚೇರಿ ತಿರಸ್ಕರಿಸಿದರೆ ಟಿಕೆಟ್ ಹಣದ ವಿವಾದವನ್ನೂ ವಿಚಾರಿಸುವ, 1987ರ ಕಾಯ್ದೆಯಡಿ ರಚನೆಯಾದ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ, ಬೆಂಗಳೂರಿನಲ್ಲೂ ಅದರ ಪೀಠವಿದೆ. ಸೇವೆಯ ಕೊರತೆಗೆ ಪರಿಹಾರ ಕೇಳುವವರು ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತಾರೆ. ಅಲ್ಲಿ ದೂರು ಕೊಡಲು ಎರಡು ವರ್ಷದ ಅವಧಿ ಇರುತ್ತದೆ. ಅಲ್ಲಿಯೂ ಮೇಜಿನ ಮೇಲೆ ಮೊದಲು ಇಡಬೇಕಾದದ್ದು ಆ ರಾತ್ರಿ ಬೋಗಿಯಲ್ಲಿ ಬರೆಸಿಕೊಂಡ ಚೀಟಿಯ ಪ್ರತಿಯೇ.