ಸರಾಸರಿಗಳ ಸರಾಸರಿ: ಕಾಫಿ ಖರೀದಿಯಲ್ಲೊಂದು ಲೆಕ್ಕದ ತೊಡಕು

ರೊಬಸ್ಟಾ ಕೊಯ್ಲು ಮುಗಿದು ಚೆರಿ ಕಣದಿಂದ ಮೂಟೆಗೆ ಸೇರುವ ದಿನಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು, ಬಣಕಲ್ ಕಡೆಯ ಖರೀದಿದಾರರು ದಿನವೂ ಕೇಳುವ ಮೊದಲ ಪ್ರಶ್ನೆ 'ಔಟ್‌ಟರ್ನ್ ಎಷ್ಟು?' ಎಂಬುದು. 50 ಕಿಲೋ ಒಣ ಚೆರಿಯನ್ನು ಸಿಪ್ಪೆ ಬಿಡಿಸಿದಾಗ ದೊರೆಯುವ ಕ್ಲೀನ್ ಕಾಫಿಯ ತೂಕವೇ ಔಟ್‌ಟರ್ನ್. ಮೂಟೆಯ ಬೆಲೆ ನಿಂತಿರುವುದು ಇದರ ಮೇಲೆ. ಆದುದರಿಂದ ಹಲವು ಕಡೆಗಳಿಂದ ಮಾಲು ಕೂಡಿಸುವ ವರ್ತಕನಿಗೆ ತನ್ನ ಗೋದಾಮಿನ ಒಟ್ಟು ಮಾಲಿನ ಸರಾಸರಿ ಔಟ್‌ಟರ್ನ್ ತಿಳಿದಿರುವುದು ಅತ್ಯಗತ್ಯ. ಕೂಡಿಸಿ ಭಾಗಿಸುವಷ್ಟೇ ಕೆಲಸವೆಂದು ತೋರುವ ಈ ಲೆಕ್ಕದಲ್ಲಿಯೇ ಅನೇಕರು ಹಣ ಕಳೆದುಕೊಳ್ಳುವ ಸಂಭವವಿದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೋಣಿಬೀಡಿನ ವರ್ತಕರೊಬ್ಬರು ಋತುವಿನಲ್ಲಿ 600 ಮೂಟೆ ರೊಬಸ್ಟಾ ಚೆರಿ ಖರೀದಿಸಿದ್ದಾರೆ. ಇದರಲ್ಲಿ 60 ಮೂಟೆಗಳು ಸಣ್ಣ ಬೆಳೆಗಾರರಿಂದ ಬಂದವು. ಹಣ್ಣು ನೋಡಿ ಕೊಯ್ದು, ಚೆನ್ನಾಗಿ ಒಣಗಿಸಿದ ಮಾಲಾದುದರಿಂದ ಅವುಗಳ ಸರಾಸರಿ ಔಟ್‌ಟರ್ನ್ 27 ಕಿಲೋ. ಮಧ್ಯಮ ತೋಟಗಳಿಂದ ಬಂದ 140 ಮೂಟೆಗಳದು 26 ಕಿಲೋ. ಉಳಿದ 400 ಮೂಟೆಗಳು ಒಂದೇ ದೊಡ್ಡ ತೋಟದವು. ಅಲ್ಲಿ ಕಾಯಿ ಹಣ್ಣು ಎನ್ನದೆ ಒಟ್ಟಿಗೆ ಕೊಯ್ದಿದ್ದರಿಂದ ಔಟ್‌ಟರ್ನ್ 24.5 ಕಿಲೋ ಮಾತ್ರ.

ವರ್ತಕರು ಮೂರು ಸರಾಸರಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ 25.83 ಕಿಲೋ ಬರುತ್ತದೆ. ಈ ಲೆಕ್ಕವನ್ನೇ ನಂಬಿ ಅವರು ರಫ್ತುದಾರರಿಗೆ 15,500 ಕಿಲೋ ಕ್ಲೀನ್ ಕಾಫಿ ಕೊಡುವುದಾಗಿ ಒಪ್ಪಿಕೊಳ್ಳುತ್ತಾರೆ. ಆದರೆ ಮಾಲು ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಬಂದಾಗ ಇರುವುದು ಎಷ್ಟು? ಮೊದಲ ವರ್ಗದಿಂದ 1,620, ಎರಡನೆಯದರಿಂದ 3,640, ಮೂರನೆಯದರಿಂದ 9,800. ಒಟ್ಟು 15,060 ಕಿಲೋ. ಇದನ್ನು 600 ಮೂಟೆಗಳಿಂದ ಭಾಗಿಸಿದರೆ ನಿಜವಾದ ಸರಾಸರಿ 25.1 ಕಿಲೋ. ಕೊರತೆ 440 ಕಿಲೋ. ಕಿಲೋಗೆ 300 ರೂಪಾಯಿ ಎಂದಿಟ್ಟುಕೊಂಡರೂ 1,32,000 ರೂಪಾಯಿಯ ಕಾಫಿಯನ್ನು ಹೊರಗಿನಿಂದ ಕೊಂಡು ಭರ್ತಿ ಮಾಡಬೇಕಾಗುತ್ತದೆ. ಇಲ್ಲಿ ಕ್ಯೂರಿಂಗ್ ವರ್ಕ್ಸ್‌ನವರ ಮೇಲೆ ಸಂಶಯ ಪಡುವುದು ಸಹಜ. ಆದರೆ ಆ 440 ಕಿಲೋ ಎಂದೂ ಇರಲೇ ಇಲ್ಲ.

ಮೂರರಿಂದ ಭಾಗಿಸಿದಾಗ 60 ಮೂಟೆಗಳ ವರ್ಗಕ್ಕೂ 400 ಮೂಟೆಗಳ ವರ್ಗಕ್ಕೂ ಸಮಾನ ಮತ ಕೊಟ್ಟಂತಾಯಿತು. ಪ್ರತಿ ವರ್ಗದ ಸರಾಸರಿಯನ್ನು ಅದರ ಮೂಟೆಗಳಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ಮೂಟೆಗಳಿಂದ ಭಾಗಿಸುವುದೇ ತೂಕಯುಕ್ತ ಸರಾಸರಿ. ಇಲ್ಲಿ 'ತೂಕ' ಎಂದರೆ ತಕ್ಕಡಿಯ ತೂಕವಲ್ಲ, ಪ್ರತಿ ವರ್ಗಕ್ಕೆ ಲೆಕ್ಕದಲ್ಲಿ ಸಲ್ಲಬೇಕಾದ ಪ್ರಾಮುಖ್ಯ. ಗಣಕಯಂತ್ರದಲ್ಲಿ ಲೆಕ್ಕ ಇಡುವವರು B ಅಂಕಣದಲ್ಲಿ ಮೂಟೆಗಳನ್ನೂ C ಅಂಕಣದಲ್ಲಿ ಔಟ್‌ಟರ್ನನ್ನೂ ಬರೆದಿದ್ದರೆ, ಈ ಕೆಳಗಿನ ಸೂತ್ರಗಳಲ್ಲಿ ಮೊದಲನೆಯದು 25.83 ಎಂದೂ ಎರಡನೆಯದು 25.1 ಎಂದೂ ತೋರಿಸುತ್ತದೆ.

```
=AVERAGE(C2:C4)
=SUMPRODUCT(B2:B4,C2:C4)/SUM(B2:B4)
```

ಇದೇ ತಪ್ಪು ಕಾಗದದ ಮೇಲೆ ಕಾಣಿಸದೆ ಕೈಯಲ್ಲಿಯೇ ನಡೆದುಹೋಗುವುದೂ ಉಂಟು. ಮೂರು ರಾಶಿಗಳಿಂದಲೂ ತಲಾ ಒಂದು ಕಿಲೋ ಚೆರಿ ತೆಗೆದು, ಬೆರೆಸಿ, ಒಂದೇ ಮಾದರಿಯಾಗಿ ಸಿಪ್ಪೆ ಬಿಡಿಸಿ ನೋಡಿದರೆ ಬರುವ ಉತ್ತರ ಹೆಚ್ಚುಕಡಿಮೆ 25.83 ಆಗಿರುತ್ತದೆ. ಯಾರೂ ಕೂಡಿಸಲಿಲ್ಲ, ಭಾಗಿಸಲಿಲ್ಲ. ಆದರೂ ಸಮಪ್ರಮಾಣದ ಮಿಶ್ರಣವೇ ಸರಳ ಸರಾಸರಿಯ ಕೆಲಸವನ್ನು ಮಾಡಿಬಿಟ್ಟಿತು. ತಕ್ಕಡಿಯಲ್ಲಿ ನೋಡಿದ ಉತ್ತರವೆಂಬ ಕಾರಣಕ್ಕೆ ಇದರ ಮೇಲಿನ ನಂಬಿಕೆ ಇನ್ನೂ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು. ಮಾದರಿಯನ್ನು ಮೂಟೆಗಳ ಪ್ರಮಾಣದಲ್ಲಿ, ಅಂದರೆ ಇಲ್ಲಿ 3 : 7 : 20ರಂತೆ ತೆಗೆಯಬೇಕು, ಇಲ್ಲವೇ ಪ್ರತಿ ರಾಶಿಯ ಔಟ್‌ಟರ್ನನ್ನು ಪ್ರತ್ಯೇಕವಾಗಿ ನೋಡಿ ಅನಂತರ ಲೆಕ್ಕ ಹಾಕಬೇಕು. ಎರಡನೆಯ ಕ್ರಮವೇ ಮೇಲು, ಏಕೆಂದರೆ ಯಾವ ರಾಶಿ ಕಳಪೆ ಎಂಬುದೂ ಅದರಿಂದ ತಿಳಿಯುತ್ತದೆ.

ವರ್ಗಗಳ ಗಾತ್ರ ಅಸಮವಾಗಿದ್ದ ಮಾತ್ರಕ್ಕೆ ಎರಡು ಸರಾಸರಿಗಳು ದೂರವಾಗುತ್ತವೆಯೇ ಎಂದು ಕೇಳಬಹುದು. ಹಾಗೇನೂ ಇಲ್ಲ. ಮೇಲಿನ ಉದಾಹರಣೆಯಲ್ಲಿ ದೊಡ್ಡ ತೋಟದ 400 ಮೂಟೆಗಳದು 26 ಕಿಲೋ, ಮಧ್ಯಮ ತೋಟಗಳ 140 ಮೂಟೆಗಳದು 24.5 ಕಿಲೋ ಎಂದು ಅದಲು ಬದಲು ಮಾಡಿ ನೋಡಿ. ಆಗ ಒಟ್ಟು 15,450 ಕಿಲೋ, ಸರಾಸರಿ 25.75. ಸರಳ ಸರಾಸರಿಯಾದರೋ ಮೊದಲಿನಂತೆಯೇ 25.83. ಗಾತ್ರಗಳು ಅವೇ ಆಗಿದ್ದರೂ ವ್ಯತ್ಯಾಸ ಬಹುತೇಕ ಅಳಿಸಿಹೋಯಿತು. ಗಾತ್ರಕ್ಕೂ ದರಕ್ಕೂ ನಂಟು ಇದ್ದಾಗ, ಅಂದರೆ ದೊಡ್ಡ ರಾಶಿಗಳೇ ಕಳಪೆಯಾಗಿದ್ದಾಗ ಅಥವಾ ದೊಡ್ಡ ರಾಶಿಗಳೇ ಉತ್ತಮವಾಗಿದ್ದಾಗ, ಅಂತರ ಹಿಗ್ಗುತ್ತದೆ. ವ್ಯಾಪಾರದಲ್ಲಿ ಇಂತಹ ನಂಟು ಅಪರೂಪವಲ್ಲ: ಸಗಟಿಗೆ ರಿಯಾಯಿತಿ ಕೊಡುವ ಪ್ರತಿಯೊಬ್ಬ ವ್ಯಾಪಾರಿಯೂ ಪ್ರಮಾಣಕ್ಕೂ ದರಕ್ಕೂ ಗಂಟು ಹಾಕಿರುತ್ತಾನೆ.

ಇನ್ನು ಬೆಲೆಯ ಕಡೆಗೆ ಬರೋಣ. ಯಾವುದನ್ನು ತೂಕವಾಗಿ ಹಿಡಿಯಬೇಕೆಂಬ ಪ್ರಶ್ನೆ ಇಲ್ಲಿ ತುಸು ಸೂಕ್ಷ್ಮವಾಗುತ್ತದೆ. ನಮ್ಮ ವರ್ತಕರು ಔಟ್‌ಟರ್ನ್ ಲೆಕ್ಕದಲ್ಲಿ, ಅಂದರೆ ಕ್ಲೀನ್ ಕಾಫಿಯ ಪ್ರತಿ ಕಿಲೋಗೆ, ಸಣ್ಣ ಬೆಳೆಗಾರರಿಗೆ 290, ಮಧ್ಯಮದವರಿಗೆ 300, ದೊಡ್ಡ ತೋಟಕ್ಕೆ 310 ರೂಪಾಯಿ ಕೊಟ್ಟಿದ್ದಾರೆಂದು ತಿಳಿಯೋಣ. ಸರಳ ಸರಾಸರಿ 300. ಹೀಗಾಗಿ 304ಕ್ಕೆ ಮಾರಿದರೆ ಕಿಲೋಗೆ 4 ರೂಪಾಯಿ ಲಾಭ ಎಂದು ಅವರು ಭಾವಿಸುತ್ತಾರೆ. ಆದರೆ ನಗದು ಪುಸ್ತಕದ ಪ್ರಕಾರ ಅವರು ಕೊಟ್ಟಿರುವುದು 4,69,800, 10,92,000 ಮತ್ತು 30,38,000. ಒಟ್ಟು 45,99,800 ರೂಪಾಯಿ. ಇದನ್ನು 15,060 ಕಿಲೋಗಳಿಂದ ಭಾಗಿಸಿದರೆ ಅಸಲು ಕಿಲೋಗೆ 305.43. 304ಕ್ಕೆ ಮಾರಿದರೆ ಬರುವುದು 45,78,240. ಲಾಭದ ಮಾತಿರಲಿ, 21,560 ರೂಪಾಯಿ ನಷ್ಟ. ಸಾಗಣೆ ಮತ್ತು ಕ್ಯೂರಿಂಗ್ ಖರ್ಚು ಬೇರೆ.

ಇಲ್ಲಿ ಮೂಟೆಗಳನ್ನೇ ತೂಕವಾಗಿ ಹಿಡಿದರೆ ಉತ್ತರ 305.67 ಆಗುತ್ತದೆ. ಸರಳ ಸರಾಸರಿಗಿಂತ ಎಷ್ಟೋ ಮೇಲು, ಆದರೂ ಸರಿಯಲ್ಲ. ದರ ಇರುವುದು ಕ್ಲೀನ್ ಕಾಫಿಯ ಕಿಲೋಗೆ. ಆದುದರಿಂದ ತೂಕವೂ ಕ್ಲೀನ್ ಕಾಫಿಯ ಕಿಲೋಗಳೇ ಆಗಬೇಕು. ಔಟ್‌ಟರ್ನ್ ಇರುವುದು ಮೂಟೆಗೆ. ಅಲ್ಲಿ ತೂಕ ಮೂಟೆಗಳು. ಯಾವ ದರದಲ್ಲಾದರೂ 'ಪ್ರತಿ' ಎಂಬ ಮಾತಿನ ಮುಂದೆ ಏನಿದೆಯೋ ಅದೇ ತೂಕ. ಸಂದೇಹ ಬಂದಾಗ ಒಂದು ತಾಳೆ ನೋಡಬಹುದು: ಸರಾಸರಿಯನ್ನು ಒಟ್ಟು ಪ್ರಮಾಣದಿಂದ ಗುಣಿಸಿದಾಗ ಪುಸ್ತಕದಲ್ಲಿರುವ ಒಟ್ಟು ಮೊತ್ತ ಮರಳಿ ಬರಬೇಕು. 305.67 ಇಟ್ಟು ಗುಣಿಸಿದರೆ ಸುಮಾರು 3,600 ರೂಪಾಯಿ ಹೆಚ್ಚಾಗಿ ಬರುತ್ತದೆ. ತೂಕ ತಪ್ಪಿದೆಯೆಂದು ತಿಳಿಯಲು ಅಷ್ಟು ಸಾಕು.

ವರ್ಷಾಂತ್ಯದ ದಾಸ್ತಾನು ಮೌಲ್ಯಮಾಪನಕ್ಕೂ ಇದು ಅನ್ವಯಿಸುತ್ತದೆ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಲೆಕ್ಕಪತ್ರ ಮಾನಕ 2ರಲ್ಲಿ, ಒಂದರೊಡನೆ ಒಂದು ಬೆರೆತುಹೋಗುವ ಸಾಮಾನ್ಯ ಸರಕಿನ ಅಸಲನ್ನು ಕಾಣಲು ಮೊದಲು ಬಂದದ್ದು ಮೊದಲು ಹೋಯಿತೆಂಬ ಕ್ರಮವನ್ನೋ ತೂಕಯುಕ್ತ ಸರಾಸರಿಯನ್ನೋ ಅನುಸರಿಸಬೇಕೆಂದಿದೆ. ಬಿಲ್ಲುಗಳ ದರಗಳನ್ನು ಸುಮ್ಮನೆ ಸರಾಸರಿ ಮಾಡುವ ಕ್ರಮಕ್ಕೆ ಅಲ್ಲಿ ಸ್ಥಾನವಿಲ್ಲ.

ಎರಡು ವರ್ಷಗಳ ಲೆಕ್ಕವನ್ನು ಹೋಲಿಸುವಾಗ ಮಾತ್ರ ತೂಕಯುಕ್ತ ಸರಾಸರಿಯೂ ದಾರಿ ತಪ್ಪಿಸಬಲ್ಲದು. ಅರೇಬಿಕಾ ಬೆಳೆಗಾರರೊಬ್ಬರು ಒಂದು ವರ್ಷ 700 ಕಿಲೋ ಪಾರ್ಚ್‌ಮೆಂಟನ್ನು 400 ರೂಪಾಯಿಗೂ 300 ಕಿಲೋ ಚೆರಿಯನ್ನು 250ಕ್ಕೂ ಮಾರಿದರೆನ್ನಿ, ಸರಾಸರಿ 355. ಮರುವರ್ಷ ಎರಡರ ಬೆಲೆಯೂ 10 ರೂಪಾಯಿ ಏರಿತು. ಆದರೆ ಕೊಯ್ಲಿನ ಹೊತ್ತಿಗೆ ಆಳುಗಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿತು. ಪಲ್ಪಿಂಗ್‌ಗೆ ದೊರೆತದ್ದು ಕಡಿಮೆ. ಪಾರ್ಚ್‌ಮೆಂಟ್ 400 ಕಿಲೋ, ಚೆರಿ 600 ಕಿಲೋ ಆಯಿತು. ಸರಾಸರಿ 320ಕ್ಕೆ ಇಳಿಯಿತು. ಪ್ರತಿ ದರ್ಜೆಯ ಬೆಲೆಯೂ ಏರಿ, ಒಟ್ಟು ಸರಾಸರಿ 35 ರೂಪಾಯಿ ಕುಸಿದಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಪ್ರಶ್ನೆ ಬೇರೆ. ಕೈಗೆ ಬಂದ ಹಣ ತಿಳಿಯಬೇಕಾದರೆ 320 ಸರಿ. ಮಾರುಕಟ್ಟೆ ಏರಿತೇ ಇಳಿಯಿತೇ ಎಂದು ತಿಳಿಯಬೇಕಾದರೆ ಹಿಂದಿನ ವರ್ಷದ ಪ್ರಮಾಣವನ್ನೇ ಸ್ಥಿರವಾಗಿಟ್ಟು ಹೊಸ ದರಗಳನ್ನು ಹಾಕಬೇಕು; ಆಗ 365 ಬರುತ್ತದೆ. ಮಾರುಕಟ್ಟೆ 10 ರೂಪಾಯಿ ಕೊಟ್ಟಿತು, ದರ್ಜೆಗಳ ಹಂಚಿಕೆ ಕೆಟ್ಟದ್ದರಿಂದ 45 ರೂಪಾಯಿ ಹೋಯಿತು. ವ್ಯಾಪಾರಿಯನ್ನು ದೂರುವ ಮುನ್ನ ಬೆಳೆಗಾರರು ಈ ವಿಂಗಡಣೆ ಮಾಡಿಕೊಳ್ಳುವುದು ಒಳಿತು.

ಅಂತಾರಾಷ್ಟ್ರೀಯ ಕಾಫಿ ಸಂಘಟನೆಯ ಸಂಯುಕ್ತ ಸೂಚಕ ಬೆಲೆಯ ಹಿಂದಿರುವುದೂ ಇಂತಹುದೇ ವಿಚಾರ. ಕೊಲಂಬಿಯನ್ ಮೈಲ್ಡ್ಸ್, ಇತರ ಮೈಲ್ಡ್ಸ್, ಬ್ರೆಜಿಲಿಯನ್ ನ್ಯಾಚುರಲ್ಸ್, ರೊಬಸ್ಟಾ ಎಂಬ ನಾಲ್ಕು ಗುಂಪುಗಳ ಬೆಲೆಗಳಿಗೆ ವಿಶ್ವ ರಫ್ತಿನಲ್ಲಿ ಅವುಗಳ ಪಾಲಿಗೆ ಅನುಗುಣವಾಗಿ ತೂಕ ಕೊಟ್ಟು ಅದನ್ನು ಲೆಕ್ಕ ಹಾಕುತ್ತಾರೆ. ಆ ಸೂಚಕ ಏರಿದೆಯೆಂದ ಮಾತ್ರಕ್ಕೆ ನಮ್ಮ ರೊಬಸ್ಟಾ ಬೆಲೆಯೂ ಅಷ್ಟೇ ಏರಬೇಕೆಂದಿಲ್ಲ. ಅಲ್ಲಿನ ತೂಕಗಳು ಪ್ರಪಂಚದವು, ಮೂಡಿಗೆರೆಯವಲ್ಲ. ನಮ್ಮ ಹಳೆಯ ಬೆಳೆಗಾರರಿಗೂ ತೂಕದ ಲೆಕ್ಕ ಹೊಸದೇನಲ್ಲ. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬರುವವರೆಗೆ ಕಾಫಿ ಮಂಡಳಿಯ ಪೂಲ್‌ಗೆ ಮಾಲು ಒಪ್ಪಿಸಿದವರಿಗೆ ಪಾಯಿಂಟ್ ಲೆಕ್ಕದಲ್ಲಿ ಹಣ ಸಂದಾಯವಾಗುತ್ತಿತ್ತು.

ಹಾಗಾದರೆ ಸರಳ ಸರಾಸರಿ ಎಲ್ಲಿಯೂ ಸಲ್ಲದೇ? ವರ್ಗಗಳೆಲ್ಲ ಸಮಗಾತ್ರದವಾಗಿದ್ದರೆ ಎರಡೂ ಒಂದೇ. ಅಲ್ಲದೆ ಪ್ರಶ್ನೆ ಮಾಲಿನ ಬಗ್ಗೆ ಇಲ್ಲದೆ ಜನರ ಬಗ್ಗೆ ಇದ್ದಾಗ ಅದೇ ಯುಕ್ತ. ಗೋಣಿಬೀಡು ಹೋಬಳಿಯ ಬೆಳೆಗಾರರು ಒಣಗಿಸುವ ಕ್ರಮ ಹಿಂದಿಗಿಂತ ಸುಧಾರಿಸಿದೆಯೇ ಎಂದು ನೋಡಲು ಪ್ರತಿ ಬೆಳೆಗಾರನನ್ನೂ ಒಂದೊಂದಾಗಿ ಎಣಿಸಬೇಕು. ಇಲ್ಲಿ ಮೂಟೆಗಳ ತೂಕ ಕೊಟ್ಟರೆ ಒಂದು ದೊಡ್ಡ ತೋಟದ ಕಣವೇ ಇಡೀ ಹೋಬಳಿಯ ಉತ್ತರವಾಗಿಬಿಡುತ್ತದೆ.

ಖರೀದಿ ಪುಸ್ತಕದಲ್ಲಿ ಪ್ರತಿ ರಾಶಿಯ ಮುಂದೆ ಮೂಟೆ, ಔಟ್‌ಟರ್ನ್, ಕ್ಲೀನ್ ಕಿಲೋ, ಕೊಟ್ಟ ಹಣ ಎಂಬ ನಾಲ್ಕು ಅಂಕಣಗಳಿದ್ದರೆ ಮೇಲಿನ ಎಲ್ಲ ಲೆಕ್ಕಗಳನ್ನೂ ಯಾವಾಗ ಬೇಕಾದರೂ ಮಾಡಬಹುದು. ದರ ಮತ್ತು ಔಟ್‌ಟರ್ನ್‌ಗಳನ್ನಷ್ಟೇ ಬರೆದು ಮೂಟೆಗಳ ಸಂಖ್ಯೆಯನ್ನು ಬಿಟ್ಟ ಪುಸ್ತಕದಿಂದ ನಿಜವಾದ ಸರಾಸರಿಯನ್ನು ಅನಂತರ ಯಾರಿಂದಲೂ ಹೊರತೆಗೆಯಲು ಸಾಧ್ಯವಿಲ್ಲ.