ಪ್ರೇಕ್ಷಕ ದತ್ತಾಂಶ ಮತ್ತು ವಿಷಯ ಹಂಚಿಕೆ (ಪ್ರಾದೇಶಿಕ ಸುದ್ದಿ ವಿವರಣಾ ವಾಹಿನಿ)

ಪ್ರೇಕ್ಷಕ ದತ್ತಾಂಶದ ಆಧಾರದ ವಿಷಯ ಹಂಚಿಕೆ ಎಂದರೆ ನೋಡುಗರ ವಯಸ್ಸು, ಲಿಂಗ ಮತ್ತು ಸ್ಥಳದ ಅಂಕಿಗಳನ್ನು ಒಟ್ಟಿಗೆ ಓದಿ, ಒಂದು ವಾಹಿನಿಯು ಯಾವ ವಿಷಯದ ಮೇಲೆ ಎಷ್ಟು ವೀಡಿಯೊಗಳನ್ನು ಮಾಡಬೇಕೆಂದು ನಿರ್ಧರಿಸುವ ಕ್ರಮ. ಸುದ್ದಿಯನ್ನು ಬಿತ್ತರಿಸುವುದಕ್ಕಿಂತ ಅದರ ಹಿನ್ನೆಲೆಯನ್ನು ಬಿಡಿಸಿ ಹೇಳುವ ವಾಹಿನಿಗಳನ್ನು ಸುದ್ದಿ ವಿವರಣಾ ವಾಹಿನಿಗಳೆಂದು ಕರೆಯಲಾಗುತ್ತದೆ. ಈ ಲೇಖನವು ಯೂಟ್ಯೂಬ್‌ನಲ್ಲಿರುವ ಕನ್ನಡದ ಅಂತಹ ವಾಹಿನಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಮೂರು ಪಟ್ಟಿಗಳನ್ನು ಬೇರೆಬೇರೆಯಾಗಿ ನೋಡಿದಾಗ ಮೂಡುವ ಚಿತ್ರವು ಕೂಡಿಸಿ ನೋಡಿದಾಗ ಹಲವು ಬಾರಿ ಉಳಿಯುವುದಿಲ್ಲ. ಈ ಕ್ರಮದ ಅಗತ್ಯ ಹುಟ್ಟುವುದು ಅಲ್ಲಿಯೇ.

## ದತ್ತಾಂಶದ ಸ್ವರೂಪ

ಯೂಟ್ಯೂಬ್ ಸ್ಟುಡಿಯೋ ವಯಸ್ಸನ್ನು 13–17, 18–24, 25–34, 35–44, 45–54, 55–64 ಮತ್ತು 65ಕ್ಕೆ ಮೇಲ್ಪಟ್ಟವರು ಎಂಬ ಏಳು ಗುಂಪುಗಳಲ್ಲಿ ತೋರಿಸುತ್ತದೆ. ವಯಸ್ಸು ಮತ್ತು ಲಿಂಗದ ಅಂಕಿಗಳು ಸಂಖ್ಯೆಯಾಗಿ ದೊರೆಯುವುದಿಲ್ಲ, ಶೇಕಡಾವಾರು ದೊರೆಯುತ್ತವೆ. ಈ ಶೇಕಡಾವಾರು ಖಾತೆಗೆ ಲಾಗಿನ್ ಆಗಿ ನೋಡಿದವರಿಗೆ ಮಾತ್ರ ಸಂಬಂಧಿಸಿದ್ದು. ಲಾಗಿನ್ ಆಗದೆ ನೋಡಿದವರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ನೋಡುಗರು ತೀರಾ ಕಡಿಮೆಯಿದ್ದ ವೀಡಿಯೊಗಳಿಗೆ ಈ ಪಟ್ಟಿಯನ್ನು ತೋರಿಸದೆಯೂ ಇರಬಹುದು.

ವಯಸ್ಸು ಮತ್ತು ಲಿಂಗವನ್ನು ಪರಸ್ಪರ ಹೆಣೆದ ಕೋಷ್ಟಕವನ್ನು ಯೂಟ್ಯೂಬ್‌ನ ಅನಾಲಿಟಿಕ್ಸ್ ಎಪಿಐ ಮೂಲಕ ಪಡೆಯಬಹುದು. ಭಾರತದ ನೋಡುಗರಿಗೆ ಸೀಮಿತವಾದ ವಿಚಾರಣೆಯ ಮುಖ್ಯ ಭಾಗ ಹೀಗಿರುತ್ತದೆ:

```
ids=channel==MINE
dimensions=ageGroup,gender
metrics=viewerPercentage
filters=country==IN
```

ಇಲ್ಲಿ ದೇಶವನ್ನು ಆರಿಸಬಹುದೇ ಹೊರತು ಭಾರತದ ರಾಜ್ಯವನ್ನು ಆರಿಸಲಾಗದು. ರಾಜ್ಯಮಟ್ಟದ ವಿಂಗಡಣೆಯಾದ `province` ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಕರ್ನಾಟಕದೊಳಗಿನ ಸ್ಥಳವನ್ನು ನಗರಗಳ ಪ್ರತ್ಯೇಕ ಪಟ್ಟಿಯಿಂದಲೇ ಊಹಿಸಬೇಕು. "ಕಲಬುರಗಿಯ 18–24 ವಯಸ್ಸಿನ ಮಹಿಳೆಯರು" ಎಂಬ ಅಂಕಿ ನೇರವಾಗಿ ಎಲ್ಲಿಯೂ ಸಿಗದು. ಮಹಿಳೆಯರ ಶೇಕಡಾವಾರನ್ನು ಕಲಬುರಗಿಯ ಶೇಕಡಾವಾರಿನಿಂದ ಗುಣಿಸಿ ಅದನ್ನು ಪಡೆಯಲು ಯತ್ನಿಸುವುದು ಸಾಮಾನ್ಯವಾದ ತಪ್ಪು. ಎಲ್ಲ ಊರುಗಳಲ್ಲಿಯೂ ಸ್ತ್ರೀಪುರುಷರ ಪ್ರಮಾಣ ಒಂದೇ ಆಗಿದ್ದರೆ ಮಾತ್ರ ಆ ಗುಣಾಕಾರ ಸರಿಹೋಗುತ್ತದೆ.

ಇದಕ್ಕೆ ಉಪಾಯವೆಂದರೆ ವೀಡಿಯೊಗಳನ್ನು ವಿಷಯವಾರು ಗುಂಪು ಮಾಡುವುದು. ಸ್ಟುಡಿಯೋದ `Groups` ಸೌಲಭ್ಯದಲ್ಲಿ ಒಂದೇ ವಿಷಯದ ವೀಡಿಯೊಗಳನ್ನು ಕಟ್ಟಿಟ್ಟು, ಪ್ರತಿ ಗುಂಪಿಗೂ ವಯಸ್ಸು–ಲಿಂಗದ ಕೋಷ್ಟಕವನ್ನೂ ನಗರಗಳ ಪಟ್ಟಿಯನ್ನೂ ತೆಗೆದು ಅಕ್ಕಪಕ್ಕ ಇಡಲಾಗುತ್ತದೆ. ಆಗ ಮೂರೂ ದತ್ತಾಂಶಗಳು ವಿಷಯವೆಂಬ ಒಂದು ದಾರದಲ್ಲಿ ಪೋಣಿಸಿದಂತಾಗುತ್ತವೆ.

## ಒಂದು ಉದಾಹರಣೆ

ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಒಂದು ವಾಹಿನಿಯು ನಾಲ್ಕು ವಾರಗಳಲ್ಲಿ 32 ವೀಡಿಯೊಗಳನ್ನು ಪ್ರಕಟಿಸಿ 10 ಲಕ್ಷ ವೀಕ್ಷಣೆಗಳನ್ನು ಪಡೆದಿದೆ ಎಂದುಕೊಳ್ಳೋಣ. ಮೊದಲ ಪುಟದ ಸಾರಾಂಶದಲ್ಲಿ ಮಹಿಳೆಯರು ಶೇ. 26, ಅತಿ ದೊಡ್ಡ ವಯೋಗುಂಪು 25–34, ಮೊದಲ ಸ್ಥಾನದ ನಗರ ಬೆಂಗಳೂರು. ಇಷ್ಟನ್ನೇ ಓದಿದ ಸಂಪಾದಕರು "ನಮ್ಮ ನೋಡುಗ ಬೆಂಗಳೂರಿನ ಯುವಕ" ಎಂದು ತೀರ್ಮಾನಿಸಿ, ಮೆಟ್ರೊ ಮತ್ತು ರಾಜಕೀಯದ ವೀಡಿಯೊಗಳನ್ನು ಹೆಚ್ಚಿಸುವ ಸಾಧ್ಯತೆಯಿದೆ.

ವಿಷಯವಾರು ಬಿಡಿಸಿದಾಗ ಬೇರೆಯದೇ ಚಿತ್ರ ಕಾಣುತ್ತದೆ. ನೇಮಕಾತಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ 10 ವೀಡಿಯೊಗಳಿಗೆ 5 ಲಕ್ಷ ವೀಕ್ಷಣೆ, ಅವುಗಳಲ್ಲಿ ಮಹಿಳೆಯರು ಶೇ. 36. ಪಕ್ಷರಾಜಕೀಯ ಮತ್ತು ಅಧಿವೇಶನದ 20 ವೀಡಿಯೊಗಳಿಗೆ 4 ಲಕ್ಷ, ಮಹಿಳೆಯರು ಶೇ. 12. ಗೃಹಲಕ್ಷ್ಮಿ, ಪಡಿತರ ಚೀಟಿ, ಹೆಣ್ಣುಮಕ್ಕಳ ಆಸ್ತಿಹಕ್ಕು ಮುಂತಾದ ಯೋಜನೆ ಮತ್ತು ಮನೆಗಾನೂನಿನ 2 ವೀಡಿಯೊಗಳಿಗೆ 1 ಲಕ್ಷ, ಮಹಿಳೆಯರು ಶೇ. 32. ಕ್ರಮವಾಗಿ 1,80,000, 48,000 ಮತ್ತು 32,000, ಒಟ್ಟು 2,60,000. ಲಾಗಿನ್ ಆಗದವರ ಲೆಕ್ಕವಿಲ್ಲದ ಕಾರಣ ಇದು ಅಂದಾಜು ಮಾತ್ರ. ಆದರೂ ಶೇ. 26 ಎಂಬ ಸಂಖ್ಯೆ ಮೂರರಲ್ಲಿ ಯಾವ ವಿಷಯಕ್ಕೂ ಸೇರಿದ್ದಲ್ಲ ಎಂಬುದು ಸ್ಪಷ್ಟ. 20 ರಾಜಕೀಯ ವೀಡಿಯೊಗಳನ್ನು ಮಾಡಿದ್ದರಿಂದಲೇ ಒಟ್ಟು ಪ್ರಮಾಣ ಕೆಳಗಿಳಿದಿದೆ. ಅಂದರೆ ಸಾರಾಂಶವು ನೋಡುಗರ ಒಲವಿನಷ್ಟೇ ವಾಹಿನಿಯು ಈವರೆಗೆ ಬಡಿಸಿದ್ದನ್ನೂ ತೋರಿಸುತ್ತಿದೆ. ಪ್ರತಿ ವೀಡಿಯೊಗೆ ಲೆಕ್ಕ ಹಾಕಿದರೆ ಯೋಜನೆಗಳ ವೀಡಿಯೊ 50,000 ವೀಕ್ಷಣೆ ಪಡೆದಿದೆ, ರಾಜಕೀಯದ ವೀಡಿಯೊ 20,000.

ವಯಸ್ಸನ್ನು ಸೇರಿಸಿದಾಗ ಮತ್ತೊಂದು ಪದರ ತೆರೆಯುತ್ತದೆ. ಪರೀಕ್ಷಾ ಗುಂಪಿನ ಶೇ. 36 ಮಹಿಳೆಯರಲ್ಲಿ ಶೇ. 24ರಷ್ಟು 18–24 ವಯಸ್ಸಿನವರು, ಶೇ. 10ರಷ್ಟು 25–34ರವರು, 35 ದಾಟಿದವರು ಇಲ್ಲವೆನ್ನುವಷ್ಟು ಕಡಿಮೆ. ಯೋಜನೆಗಳ ಗುಂಪಿನ ಶೇ. 32ರಲ್ಲಿ ಶೇ. 21ರಷ್ಟು 35–54ರವರು. ಇವರು ಒಂದೇ ಮಹಿಳೆಯರಲ್ಲ. ಒಂದು ಮನೆಯ ತಾಯಿ ಮತ್ತು ಮಗಳು ಇರಬಹುದು. "ಮಹಿಳೆಯರಿಗಾಗಿ" ಎಂಬ ಹೆಸರಿನಲ್ಲಿ ಇಬ್ಬರಿಗೂ ಸೇರಿ ಒಂದು ಕಾರ್ಯಕ್ರಮ ಮಾಡಿದರೆ ಇಬ್ಬರೂ ನೋಡದಿರುವ ಸಂಭವವೇ ಹೆಚ್ಚು.

## ಸ್ಥಳದ ಅಂಕಿಯನ್ನು ಓದುವ ಬಗೆ

ಮೂರರಲ್ಲಿ ಅತ್ಯಂತ ಜಾಗರೂಕತೆಯಿಂದ ಓದಬೇಕಾದುದು ನಗರದ ಅಂಕಿ. ಸ್ಥಳವನ್ನು ಬಹುಮಟ್ಟಿಗೆ ಐಪಿ ವಿಳಾಸದಿಂದ ಅಂದಾಜಿಸಲಾಗುತ್ತದೆ. ಮೊಬೈಲ್ ಜಾಲಗಳಲ್ಲಿ ಅನೇಕ ಗ್ರಾಮಗಳ ಸಂಪರ್ಕವು ದೂರದ ದೊಡ್ಡ ನಗರದ ಕೇಂದ್ರದ ಮೂಲಕ ಹಾಯುವುದರಿಂದ, ತೀರ್ಥಹಳ್ಳಿಯ ತೋಟದಲ್ಲಿ ಕುಳಿತು ನೋಡಿದವರೂ ಬೆಂಗಳೂರಿನವರಾಗಿ ದಾಖಲಾಗಬಹುದು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ನಗರವಾಸಿಗಳು ಶೇ. 38.67 ಮಾತ್ರ. ನಗರಗಳ ಪಟ್ಟಿಯಲ್ಲಿ ಗ್ರಾಮಗಳೇ ಕಾಣದಿದ್ದರೆ ಗ್ರಾಮಸ್ಥರು ನೋಡುತ್ತಿಲ್ಲವೆಂದು ಅರ್ಥವಲ್ಲ.

ಇದನ್ನು ಪರೀಕ್ಷಿಸಲು ಎರಡು ಸರಳ ದಾರಿಗಳಿವೆ. ಮೊದಲನೆಯದು, ಮೊಬೈಲ್ ಮತ್ತು ಟಿವಿ ಸಾಧನಗಳ ನಗರಪಟ್ಟಿಗಳನ್ನು ಹೋಲಿಸುವುದು. ಟಿವಿ ಸಾಮಾನ್ಯವಾಗಿ ಮನೆಯ ಸ್ಥಿರ ಬ್ರಾಡ್‌ಬ್ಯಾಂಡಿಗೆ ಜೋಡಣೆಯಾಗಿರುವುದರಿಂದ ಅದರ ಸ್ಥಳ ಹೆಚ್ಚು ನಂಬತಕ್ಕದ್ದು; ಆದರೆ ಟಿವಿಯಲ್ಲಿ ನೋಡುವವರು ಬೇರೆ ವರ್ಗದವರೂ ಆಗಿರಬಹುದೆಂಬುದನ್ನು ಮರೆಯಬಾರದು. ಎರಡನೆಯದು, ಸಂಪೂರ್ಣ ಸ್ಥಳೀಯವಾದ ವಿಷಯವನ್ನು ಅಳತೆಗೋಲಾಗಿ ಬಳಸುವುದು. ಸುಳ್ಯ, ಶೃಂಗೇರಿ ಭಾಗದ ಅಡಿಕೆ ತೋಟಗಳನ್ನು ಕಾಡುವ ಹಳದಿ ಎಲೆ ರೋಗದ ಬಗೆಗಿನ ವೀಡಿಯೊದಲ್ಲಿಯೂ ಬೆಂಗಳೂರಿನ ಪಾಲು ಎಂದಿನಷ್ಟೇ ಇದ್ದರೆ, ಆ ಪಾಲಿನ ಒಂದು ಭಾಗ ಜಾಲದ ಕೃಪೆ ಎನ್ನಬಹುದು. ಊರು ಬಿಟ್ಟು ಬೆಂಗಳೂರಿಗೆ ಬಂದ ತೋಟದ ಮನೆಯವರೂ ಅದರಲ್ಲಿ ಇರುತ್ತಾರೆ. ಆದುದರಿಂದ ಪಾಲಿನ ಗಾತ್ರಕ್ಕಿಂತ ಒಂದು ವಿಷಯದಿಂದ ಇನ್ನೊಂದಕ್ಕೆ ಆ ಪಾಲು ಹೇಗೆ ಏರಿಳಿಯುತ್ತದೆ ಎಂಬುದೇ ಹೆಚ್ಚು ಉಪಯುಕ್ತ.

ಹೊರದೇಶದ ಕನ್ನಡಿಗರ ವಿಷಯದಲ್ಲಿ ಈ ತೊಡಕು ಕಡಿಮೆ. ದೇಶದ ಅಂಕಿಯು ನಗರದ ಅಂಕಿಗಿಂತ ನಿಖರ, ಮತ್ತು ವಯಸ್ಸು–ಲಿಂಗದ ಕೋಷ್ಟಕವನ್ನು ದೇಶವಾರು ನೇರವಾಗಿ ಪಡೆಯಬಹುದು.

ಸ್ಥಳ ಮತ್ತು ವಯಸ್ಸು ಕೂಡಿದಾಗ ಒಂದೇ ವಿಷಯವನ್ನು ಹೇಳುವ ಕೋನವೂ ಬದಲಾಗುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡಿದ ಸಂವಿಧಾನದ 371(ಜೆ) ವಿಧಿ ಇದಕ್ಕೆ ಒಳ್ಳೆಯ ನಿದರ್ಶನ. ಕಲಬುರಗಿ, ರಾಯಚೂರುಗಳ ಪಾಲು ಹೆಚ್ಚಿದ್ದು ನೋಡುಗರು 18–24ರವರಾಗಿದ್ದರೆ, ಅವರಿಗೆ ಬೇಕಾದುದು ಸ್ಥಳೀಯ ವೃಂದದ ಮೀಸಲಾತಿ ಮತ್ತು ಅರ್ಹತಾ ಪ್ರಮಾಣಪತ್ರದ ವಿವರ. ಅದೇ ಊರುಗಳ 45 ದಾಟಿದವರಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಎಲ್ಲಿ ಖರ್ಚಾಯಿತೆಂಬುದು ಮುಖ್ಯ. ಮೈಸೂರು, ಮಂಗಳೂರುಗಳ ನೋಡುಗರಿಗಾದರೆ ಆ ವಿಧಿ ಏಕೆ ಬಂತೆಂಬ ಹಿನ್ನೆಲೆಯಿಂದಲೇ ಆರಂಭಿಸಬೇಕು.

## ಕಾಣದ ನೋಡುಗರು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ ಭಾರತದಲ್ಲಿ ಎಂದಾದರೂ ಅಂತರಜಾಲ ಬಳಸಿದ ಮಹಿಳೆಯರು ಶೇ. 33.3, ಪುರುಷರು ಶೇ. 57.1. ಆದುದರಿಂದ ಮಹಿಳೆಯರ ಪಾಲು ಅರ್ಧಕ್ಕಿಂತ ಕಡಿಮೆಯಿರುವುದನ್ನು ಆಸಕ್ತಿಯ ಕೊರತೆಯೆಂದು ಓದಲಾಗದು. ಇದರ ಜೊತೆಗೆ ಖಾತೆಯ ಪ್ರಶ್ನೆಯೂ ಇದೆ. ದತ್ತಾಂಶ ಅಳೆಯುವುದು ಖಾತೆಯನ್ನು, ಕಣ್ಣುಗಳನ್ನಲ್ಲ. ಮನೆಗೊಂದೇ ಫೋನ್ ಇದ್ದು ಅದು ಯಜಮಾನನ ಖಾತೆಯಲ್ಲಿದ್ದರೆ, ಹೆಂಡತಿ ನೋಡಿದ್ದೂ "ಪುರುಷ, 45–54" ಎಂದೇ ಸೇರುತ್ತದೆ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿಯ ವೀಡಿಯೊದಲ್ಲಿಯೂ ಮೂರನೆಯ ಎರಡು ಭಾಗ ಪುರುಷರೆಂದು ಕಂಡುಬಂದರೆ ಈ ಸಂದೇಹ ಬರಬೇಕು. ಅರ್ಜಿ ತುಂಬಿಕೊಡುವ ಮಗ, ಗಂಡಂದಿರೂ ಅಲ್ಲಿ ಇರುವುದರಿಂದ ಅಷ್ಟನ್ನೂ ಹಂಚಿಕೆಯ ಫೋನಿಗೆ ಕಟ್ಟುವುದು ಸಲ್ಲದು.

## ಹಂಚಿಕೆಯ ನಿರ್ಧಾರ ಮತ್ತು ಪರಿಶೀಲನೆ

ಮೇಲಿನ ವಾಹಿನಿಯು ತಿಂಗಳ 32 ವೀಡಿಯೊಗಳ ಮಿತಿಯೊಳಗೆ 10–20–2 ಎಂಬ ಹಂಚಿಕೆಯನ್ನು 10–16–6ಕ್ಕೆ ಬದಲಿಸಿತೆನ್ನೋಣ. ಬದಲಾದುದು ನಾಲ್ಕು ವೀಡಿಯೊ ಮಾತ್ರ. ಎರಡೇ ವೀಡಿಯೊಗಳಿಂದ ಬಂದ 50,000 ಎಂಬ ಸರಾಸರಿಯನ್ನು ನಂಬಿ ಹೆಚ್ಚು ಸ್ಥಾನ ಕೊಡುವುದು ಅವಸರವಾಗುತ್ತದೆ. ಅವು ಅರ್ಜಿಯ ಕೊನೆಯ ದಿನಾಂಕದ ಗಾಳಿಗೆ ಓಡಿರಬಹುದು. ಎಂಟು ವಾರ ಕಾದು ನೋಡುವುದು ವಾಡಿಕೆಯಾಗಿರಬೇಕು. ತೀರ್ಮಾನಕ್ಕೆ ಸರಾಸರಿಗಿಂತ ಮಧ್ಯಾಂಕ ಮೇಲು, ಏಕೆಂದರೆ ಒಂದೇ ವೀಡಿಯೊ ವಿಪರೀತ ಹರಡಿದರೆ ಸರಾಸರಿ ದಾರಿ ತಪ್ಪಿಸುತ್ತದೆ.

ಆರು ವೀಡಿಯೊಗಳಾದಾಗ ಮಧ್ಯಾಂಕ 28,000ಕ್ಕೆ ಇಳಿದರೂ ರಾಜಕೀಯದ 20,000ಕ್ಕಿಂತ ಮೇಲಿರುವುದರಿಂದ ಬದಲಾವಣೆ ನಷ್ಟವಲ್ಲ. ಅದು 20,000ದ ಹತ್ತಿರ ಬಂದಲ್ಲಿ ಹೆಚ್ಚಿಸುವುದನ್ನು ನಿಲ್ಲಿಸಬೇಕು. ವೀಕ್ಷಣೆ ಉಳಿದು 35–54ರ ಮಹಿಳೆಯರ ಪಾಲು ಶೇ. 21ರಿಂದ ಕುಸಿದರೆ, ಹೊಸ ವೀಡಿಯೊಗಳು ಹಳೆಯ ನೋಡುಗರನ್ನೇ ಬೇರೆ ಶೀರ್ಷಿಕೆಯಡಿ ಸೆಳೆಯುತ್ತಿವೆಯೆಂದು ತಿಳಿಯಬೇಕು. ನೇಮಕಾತಿ ಅಧಿಸೂಚನೆ ಹೊರಬಿದ್ದ ತಿಂಗಳನ್ನು ಇನ್ನೊಂದು ತಿಂಗಳೊಡನೆ ಹೋಲಿಸಿದರೆ ಇಡೀ ಲೆಕ್ಕ ಕೆಡುತ್ತದೆ. ಅಂಥ ತಿಂಗಳಲ್ಲಿ 18–24ರ ಪಾಲು ತಾನಾಗಿಯೇ ಏರುತ್ತದೆ.

ರಾಜಕೀಯದ ವೀಡಿಯೊಗಳು 16ಕ್ಕಿಂತ ಕೆಳಗಿಳಿಯದಿರಲು ಅಂಕಿಯಾಚೆಗಿನ ಕಾರಣವಿದೆ. ಅಧಿವೇಶನದಲ್ಲಿ ಅಂಗೀಕಾರವಾದ ಮಸೂದೆಯನ್ನು ವಿವರಿಸುವ ವೀಡಿಯೊಗೆ ನೋಡುಗರು ಕಡಿಮೆಯಾದರೂ, ಮುಂದೆ ಪಡಿತರ ಚೀಟಿಯ ನಿಯಮ ಬದಲಾದಾಗ ಕೊಂಡಿ ಕೊಟ್ಟು ತೋರಿಸಲು ಅದೇ ಬೇಕಾಗುತ್ತದೆ. ಆದ್ದರಿಂದ ದತ್ತಾಂಶ ನೋಡುವ ಮೊದಲೇ ಪ್ರತಿ ವಿಷಯಕ್ಕೂ ಒಂದು ಕನಿಷ್ಠ ಸಂಖ್ಯೆಯನ್ನು ಗೊತ್ತುಮಾಡಿ, ಅದರ ಮೇಲಿನ ಭಾಗವನ್ನಷ್ಟೇ ಅಂಕಿಗಳ ತಕ್ಕಡಿಗೆ ಹಾಕುವುದು ಯುಕ್ತ.